ಬಣ್ಣವಿಲ್ಲದ ಹನಿ, ವಾಸನೆ ಸಿಗದ ಗಾಳಿ

ಕಿಮೊಥೆರಪಿ ಈಗ ಜಿಲ್ಲಾ ಆಸ್ಪತ್ರೆಗೂ ಬಂದಿದೆ. ಔಷಧ ರೋಗಿಯ ನರಕ್ಕೆ ಹೋಗಬೇಕು, ಸಿಸ್ಟರ್ ಚರ್ಮಕ್ಕಲ್ಲ. ಅರಿವಳಿಕೆ ಅನಿಲ ರೋಗಿಯ ಶ್ವಾಸಕ್ಕೆ ಹೋಗಬೇಕು, ಓಟಿ ಸಿಬ್ಬಂದಿಯ ಶ್ವಾಸಕ್ಕಲ್ಲ. ಚೆಲ್ಲಿದರೆ ಏನು ಮಾಡಬೇಕು? ಕಸ ಯಾವ ಚೀಲಕ್ಕೆ ಹೋಗಬೇಕು? ಓಟಿಯ ಗಾಳಿ ಹೊರಗೆ ಹೋಗುತ್ತಿದೆಯೋ, ಅಲ್ಲೇ ಸುತ್ತುತ್ತಿದೆಯೋ?

ಕೋಣೆಯ ದೀಪ ಆರಿಸಿ, ಕಿಟಕಿಯ ಪರದೆ ಎಳೆದರು. ಮೇಜಿನ ಮುಂದೆ ಗೌನು, ಗ್ಲೌಸ್ ಹಾಕಿಕೊಂಡು ನಿಂತಿದ್ದ ಸಿಸ್ಟರ್ ಆಗಷ್ಟೇ ವೈಯಲ್‌ನಿಂದ ಔಷಧ ಎಳೆದು ಸಲೈನ್ ಬಾಟಲಿಗೆ ಸೇರಿಸಿ, ಡ್ರಿಪ್ ಜೋಡಿಸಿ ಮುಗಿಸಿದ್ದರು. ಅದು ತರಬೇತಿ. ವೈಯಲ್‌ನಲ್ಲಿದ್ದದ್ದು ಔಷಧವಲ್ಲ, ನೇರಳಾತೀತ ಬೆಳಕಿಗೆ ಮಾತ್ರ ಹೊಳೆಯುವ ಬಣ್ಣ ಬೆರೆಸಿದ ನೀರು.

“ಒಂದು ಹನಿಯೂ ಚೆಲ್ಲಿಲ್ಲ ಸರ್” ಎಂದರು ಅವರು. ನೋಡುತ್ತಿದ್ದವರಿಗೂ ಹಾಗೇ ಅನ್ನಿಸಿತ್ತು.

ನೇರಳಾತೀತ ದೀಪ ಹಚ್ಚಿದಾಗ ಬಲಗೈ ಗ್ಲೌಸಿನ ಬೆರಳ ತುದಿಗಳು ಹಸಿರಾಗಿ ಹೊಳೆದವು. ಗೌನಿನ ತೋಳಿನ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಚುಕ್ಕೆಗಳು ಸಾಲಾಗಿ ಕಂಡವು. ಲೇಬಲ್ ಬರೆದ ಪೆನ್ನು ಹೊಳೆಯಿತು. ಗ್ಲೌಸ್ ತೆಗೆಯುವ ಮೊದಲೇ ಒಮ್ಮೆ ಎಳೆದಿದ್ದ ಮೇಜಿನ ಡ್ರಾಯರ್ ಹಿಡಿ ಹೊಳೆಯಿತು. ಕೇಸ್ ಶೀಟಿನ ಮೂಲೆಯಲ್ಲಿ ಹೆಬ್ಬೆಟ್ಟಿನ ಗುರುತು ಅಚ್ಚೊತ್ತಿದಂತೆ ಇತ್ತು. ಆ ಕೇಸ್ ಶೀಟನ್ನು ಇನ್ನು ವೈದ್ಯರು ಮುಟ್ಟುತ್ತಾರೆ, ಫಾರ್ಮಸಿಯವರು ಮುಟ್ಟುತ್ತಾರೆ. ಅವರ್‍ಯಾರೂ ಗ್ಲೌಸ್ ಹಾಕಿರುವುದಿಲ್ಲ.

## ಜಿಲ್ಲೆಗೆ ಬಂದ ಔಷಧ

2025-26ರ ಕೇಂದ್ರ ಬಜೆಟ್, ಮೂರು ವರ್ಷಗಳಲ್ಲಿ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ ಹೇಳಿತು. ಮೊದಲ ವರ್ಷದ ಗುರಿ 200 ಕೇಂದ್ರ. ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳಲ್ಲೂ ಅದೇ ವರ್ಷ ಡೇ ಕೇರ್ ಕಿಮೊಥೆರಪಿ ಶುರುವಾಯಿತು. ಬೆಂಗಳೂರಿನ ಕಿದ್ವಾಯಿಗೆ ರಾತ್ರಿ ಬಸ್ಸು ಹಿಡಿದು ಬರುತ್ತಿದ್ದ ರೋಗಿಗಳಿಗೆ ಇದು ದೊಡ್ಡ ಬಿಡುಗಡೆ.

ಆದರೆ ಔಷಧದ ಜೊತೆಗೆ ಅದರ ಅಪಾಯವೂ ಊರು ಬದಲಿಸಿತು. ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕಿಮೊ ಬೆರೆಸಲು ಬೇರೆ ಕೋಣೆ, ಬೇರೆ ಯಂತ್ರ, ಅದನ್ನೇ ಮಾಡುವ ಜನ ಇರುತ್ತಾರೆ. ಹೊಸ ಕೇಂದ್ರದಲ್ಲಿ ಬೆಳಿಗ್ಗೆ ಜ್ವರದ ವಾರ್ಡಿನಲ್ಲಿದ್ದ ಸಿಸ್ಟರ್ ಮಧ್ಯಾಹ್ನ ಕಿಮೊ ಹಾಕಬೇಕಾಗಬಹುದು. ನೆಲ ಒರೆಸುವ ಅಕ್ಕನಿಗೆ ಆ ಬಾಟಲಿಯಲ್ಲಿ ಏನಿತ್ತು ಎಂಬುದನ್ನು ಯಾರೂ ಹೇಳದೆಯೇ ಇರಬಹುದು.

ಕಿಮೊ ಔಷಧಗಳಲ್ಲಿ ಹೆಚ್ಚಿನವು ಜೀವಕೋಶ ವಿಭಜನೆಯಾಗುವುದನ್ನೇ ತಡೆಯುತ್ತವೆ. ಸ್ತನ ಕ್ಯಾನ್ಸರಿಗೂ ಲಿಂಫೋಮಾಕ್ಕೂ ಬಹಳ ಬಳಕೆಯಲ್ಲಿರುವ ಸೈಕ್ಲೋಫಾಸ್ಫಮೈಡ್ ಜೀವಕೋಶದ ಡಿಎನ್‌ಎಗೇ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಕ್ಯಾನ್ಸರ್ ಕೋಶ ಯಾವುದು, ಆರೋಗ್ಯವಂತ ಸಿಸ್ಟರ್‌ನ ರಕ್ತಕೋಶ ಯಾವುದು ಎಂಬ ಭೇದ ಅದಕ್ಕೆ ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ಮೊದಲ ಗುಂಪಿನಲ್ಲಿ ಇಟ್ಟಿದೆ. ರೋಗಿಗೆ ಆ ಅಪಾಯವನ್ನು ಮೀರುವ ಲಾಭವಿದೆ. ಸಿಬ್ಬಂದಿಗೆ ಬರುವುದು ಅಪಾಯ ಮಾತ್ರ.

ಈ ಮಾತಿಗೆ ಮೊದಲ ಗಟ್ಟಿ ಪುರಾವೆ ಸಿಕ್ಕಿದ್ದು ಫಿನ್ಲೆಂಡಿನಲ್ಲಿ. 1979ರಲ್ಲಿ ಕಾಯ್ ಫಾಲ್ಕ್ ಮತ್ತು ಸಂಗಡಿಗರು ಕಿಮೊ ಔಷಧ ನಿಭಾಯಿಸುವ ನರ್ಸುಗಳ ಮೂತ್ರ ಪರೀಕ್ಷಿಸಿ, ಬ್ಯಾಕ್ಟೀರಿಯಾದ ವಂಶವಾಹಿಗಳಲ್ಲಿ ಬದಲಾವಣೆ ತರುವ ಗುಣ ಅದರಲ್ಲಿ ಇದೆ ಎಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಔಷಧ ನರ್ಸುಗಳ ಮೈಯೊಳಗೆ ಹೋಗಿತ್ತು ಎಂದೇ ಅದರ ಅರ್ಥ. 1985ರಲ್ಲಿ ಅದೇ ದೇಶದ 17 ಆಸ್ಪತ್ರೆಗಳ ನರ್ಸುಗಳ ಅಧ್ಯಯನ ಬಂತು. ಗರ್ಭದ ಮೊದಲ ಮೂರು ತಿಂಗಳಲ್ಲಿ ಈ ಔಷಧಗಳನ್ನು ನಿಭಾಯಿಸಿದವರಲ್ಲಿ ಗರ್ಭನಷ್ಟದ ಸಂಭವ ಎರಡು ಪಟ್ಟಿಗೂ ಹೆಚ್ಚಿತ್ತು. ಔಷಧವನ್ನು ತೆರೆದ ಮೇಜಿನ ಮೇಲೆ ಬೆರೆಸುವುದು ಸಾಮಾನ್ಯವಾಗಿದ್ದ ಕಾಲವದು. ಹಾಗಾಗಿ ಆ ಅಂಕಿಯನ್ನು ಇವತ್ತಿನ ಒಳ್ಳೆಯ ಫಾರ್ಮಸಿಗೆ ಅನ್ವಯಿಸಲಾಗದು. ಆದರೆ ಇವತ್ತೂ ತೆರೆದ ಮೇಜಿನ ಮೇಲೆ ಬೆರೆಸುವ ಜಾಗಕ್ಕೆ ಅದು ಪೂರ್ತಿ ಅನ್ವಯಿಸುತ್ತದೆ.

## ಸೂಜಿ ಹೊರಬರುವ ಗಳಿಗೆ

ಔಷಧ ಸಿಬ್ಬಂದಿಯ ಮೈಗೆ ಹೋಗುವುದು ಬಹುಪಾಲು ಚರ್ಮದ ಮೂಲಕ. ಉಳಿದದ್ದು ಉಸಿರಿನಿಂದ, ಕೈಯಿಂದ ಬಾಯಿಗೆ, ಸೂಜಿ ಚುಚ್ಚಿಕೊಂಡು. ಅತಿ ಹೆಚ್ಚು ತುಂತುರು ಏಳುವುದು ಒಂದು ನಿರ್ದಿಷ್ಟ ಗಳಿಗೆಯಲ್ಲಿ.

ಸೈಕ್ಲೋಫಾಸ್ಫಮೈಡ್ ಒಂದು ಗ್ರಾಂ ವೈಯಲ್ ಬಿಳಿ ಪುಡಿಯಾಗಿ ಬರುತ್ತದೆ. ಅದಕ್ಕೆ 50 ಮಿಲಿ ದ್ರವ ಸೇರಿಸಿ ಕರಗಿಸಬೇಕು. ವೈಯಲ್ ಮುಚ್ಚಿದ ಗಾಜು. ಒಳಗೆ 50 ಮಿಲಿ ನೂಕಿದರೆ ಅಲ್ಲಿದ್ದ ಗಾಳಿಗೆ ಹೋಗಲು ಜಾಗವಿಲ್ಲ, ಒತ್ತಡ ಏರುತ್ತದೆ. ಆಗ ಸೂಜಿ ಹೊರತೆಗೆದರೆ ರಬ್ಬರ್ ಮುಚ್ಚಳದ ರಂಧ್ರದಿಂದ ಔಷಧ ಕಣ್ಣಿಗೆ ಕಾಣದಷ್ಟು ಸಣ್ಣ ಮಂಜಾಗಿ ಚಿಮ್ಮುತ್ತದೆ. ತರಬೇತಿಯಲ್ಲಿ ತೋಳಿನ ಮೇಲೆ ಕಂಡ ಸಾಸಿವೆ ಚುಕ್ಕೆಗಳು ಅವೇ.

ಇದಕ್ಕೆ ಪರಿಹಾರ ಕೈಚಳಕದಲ್ಲೇ ಇದೆ. ಸ್ವಲ್ಪ ದ್ರವ ನೂಕಿ, ಅದಕ್ಕಿಂತ ತುಸು ಹೆಚ್ಚು ಗಾಳಿಯನ್ನು ಸಿರಿಂಜಿಗೆ ಹಿಂದಕ್ಕೆ ಎಳೆದುಕೊಳ್ಳಬೇಕು. ಮತ್ತೆ ನೂಕಿ, ಮತ್ತೆ ಎಳೆಯಬೇಕು. ವೈಯಲ್ ಒಳಗಿನ ಒತ್ತಡ ಹೊರಗಿಗಿಂತ ಯಾವಾಗಲೂ ಒಂದು ಎಳೆ ಕಡಿಮೆ ಇದ್ದರೆ, ಸೂಜಿ ತೆಗೆದಾಗ ಗಾಳಿ ಒಳಕ್ಕೆ ಹೋಗುತ್ತದೆ, ಔಷಧ ಹೊರಕ್ಕೆ ಬರುವುದಿಲ್ಲ. ಸಿರಿಂಜು ತಿರುಗಿಸಿ ಬಿಗಿಯುವ ಲ್ಯೂರ್ ಲಾಕ್ ಆಗಿರಬೇಕು. ಸುಮ್ಮನೆ ಒತ್ತಿ ಕೂರಿಸುವ ಸೂಜಿ ಒತ್ತಡಕ್ಕೆ ಕಳಚಿ ಹಾರುತ್ತದೆ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಿದ ಸಿರಿಂಜಿನ ಪ್ಲಂಜರ್ ಹಿಂದಿನಿಂದ ಜಾರಿ ಬರಬಹುದು, ಹಾಗಾಗಿ ದೊಡ್ಡ ಸಿರಿಂಜೇ ಬೇಕು. ಗಾಳಿಗುಳ್ಳೆ ತೆಗೆಯಲು ಸೂಜಿ ಮೇಲೆತ್ತಿ ಒಂದು ಹನಿ ಚಿಮ್ಮಿಸುವ ಅಭ್ಯಾಸವನ್ನು ಇಲ್ಲಿ ಪೂರ್ತಿ ಬಿಡಬೇಕು.

ಇದೆಲ್ಲ ನಡೆಯಬೇಕಾದದ್ದು ಜೈವಿಕ ಸುರಕ್ಷಾ ಕ್ಯಾಬಿನೆಟ್ ಒಳಗೆ. ಅಲ್ಲಿ ಶುದ್ಧ ಗಾಳಿ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಮುಂಭಾಗದ ಗಾಳಿಯನ್ನು ಯಂತ್ರ ಒಳಕ್ಕೆ ಎಳೆಯುತ್ತದೆ. ಕೆಲವು ಆಸ್ಪತ್ರೆಗಳಲ್ಲಿ ಸಾಮಾನ್ಯ ಸಲೈನ್ ಮಿಶ್ರಣಕ್ಕೆಂದು ತಂದ, ಹಿಂದಿನಿಂದ ಮುಂದಕ್ಕೆ ಗಾಳಿ ಬೀಸುವ ಲ್ಯಾಮಿನಾರ್ ಫ್ಲೋ ಮೇಜು ಇರುತ್ತದೆ. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ ಥರ. ಎರಡನೆಯದು ಔಷಧವನ್ನು ಕಾಪಾಡುತ್ತದೆ, ಆದರೆ ಮುಂದೆ ಕೂತವರ ಮುಖಕ್ಕೇ ಮಂಜನ್ನು ಊದುತ್ತದೆ. ಕಿಮೊಗೆ ಅದನ್ನು ಬಳಸುವುದಕ್ಕಿಂತ ಕೆಟ್ಟ ಆಯ್ಕೆ ಇಲ್ಲ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಅದು ಸುರಕ್ಷಿತವಾಗಿದ್ದೇನೆ ಎಂಬ ಭರವಸೆಯನ್ನೂ ಜೊತೆಗೆ ಕೊಡುತ್ತದೆ.

ವಾರ್ಡಿನಲ್ಲಿ ಉಳಿಯುವ ದೊಡ್ಡ ತಪ್ಪು ಡ್ರಿಪ್ ಸೆಟ್ ತುಂಬಿಸುವುದರಲ್ಲಿ. ಔಷಧವಿರುವ ಬ್ಯಾಗಿಗೆ ಸೆಟ್ ಚುಚ್ಚಿ, ತುದಿಯಿಂದ ನಾಲ್ಕು ಹನಿ ಟ್ರೇಗೆ ಬಿಟ್ಟರೆ ಆ ಹನಿಗಳು ಔಷಧವೇ. ಔಷಧ ಸೇರಿಸುವ ಮೊದಲೇ ಬರಿಯ ಸಲೈನ್‌ನಿಂದ ಸೆಟ್ ತುಂಬಿಸಿ, ಆಮೇಲೆ ಬ್ಯಾಗಿಗೆ ಔಷಧ ಹಾಕಿದರೆ ಹೊರಬೀಳುವ ಹನಿಯಲ್ಲಿ ಔಷಧ ಇರುವುದಿಲ್ಲ. ಖರ್ಚು ಏನೂ ಇಲ್ಲ. ಕೆಲಸದ ಕ್ರಮ ಬದಲಾಗಬೇಕು, ಅಷ್ಟೇ.

> ಕೈಗೆ ಎರಡು ಪದರ
>
> ಕಿಮೊ ಔಷಧಕ್ಕೆಂದೇ ಪರೀಕ್ಷಿಸಿದ ನೈಟ್ರೈಲ್ ಗ್ಲೌಸ್ ಎರಡು ಜೊತೆ ಹಾಕಬೇಕು. ಒಳಗಿನದು ಗೌನಿನ ತೋಳಿನ ಕೆಳಗೆ, ಹೊರಗಿನದು ತೋಳಿನ ಮೇಲೆ ಬರಬೇಕು. ಅರ್ಧ ಗಂಟೆಗೊಮ್ಮೆ, ಹರಿದರೆ ತಕ್ಷಣ, ಬದಲಿಸಬೇಕು.
>
> ಗೌನು ಹಿಂದೆ ಕಟ್ಟುವ, ದ್ರವ ಇಳಿಯದ ಪದರವಿರುವ ಬಟ್ಟೆಯದಾಗಿರಬೇಕು. ಓಟಿಯ ಹತ್ತಿ ಗೌನು ಔಷಧವನ್ನು ಹೀರಿ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ.
>
> ಗ್ಲೌಸ್ ತೆಗೆದ ಮೇಲೆ ಕೈಯನ್ನು ಸೋಪು ನೀರಿನಲ್ಲೇ ತೊಳೆಯಬೇಕು. ಸ್ಯಾನಿಟೈಸರ್ ಔಷಧವನ್ನು ತೆಗೆಯುವುದಿಲ್ಲ, ಹರಡುತ್ತದೆ.

## ಡ್ರಿಪ್ ಸ್ಟ್ಯಾಂಡ್ ಉರುಳಿತು

ಈಗ ಒಂದು ಪ್ರಸಂಗ ಇಟ್ಟುಕೊಳ್ಳೋಣ. ಡೇ ಕೇರ್ ವಾರ್ಡು, ಆರು ಹಾಸಿಗೆ. ಮೂರನೆಯ ಹಾಸಿಗೆಯ ರೋಗಿಗೆ 500 ಮಿಲಿ ಸಲೈನ್‌ನಲ್ಲಿ ಒಂದು ಗ್ರಾಂ ಸೈಕ್ಲೋಫಾಸ್ಫಮೈಡ್ ಹೋಗುತ್ತಿದೆ. ಅರ್ಧ ಮುಗಿದಾಗ ಅವರು ಬಾತ್‌ರೂಮಿಗೆಂದು ಎದ್ದರು, ಸ್ಟ್ಯಾಂಡು ಎಡವಿ ಬಿತ್ತು, ಸೆಟ್ ಬ್ಯಾಗಿನಿಂದ ಕಿತ್ತು ಬಂತು. ನೆಲದ ಮೇಲೆ ಈಗ ಸುಮಾರು 250 ಮಿಲಿ ದ್ರವ ಇದೆ. ಅದರಲ್ಲಿ ಅರ್ಧ ಗ್ರಾಂ ಔಷಧ. ನೋಡಿದರೆ ಬರಿಯ ನೀರು.

ಇದೇ ಡಾಕ್ಸೊರುಬಿಸಿನ್ ಆಗಿದ್ದರೆ ನೆಲ ಕೆಂಪಾಗುತ್ತಿತ್ತು, ಎಲ್ಲರೂ ಹೌಹಾರುತ್ತಿದ್ದರು. ಸೈಕ್ಲೋಫಾಸ್ಫಮೈಡ್‌ಗೆ ಬಣ್ಣವಿಲ್ಲ. “ಸಲೈನ್ ಚೆಲ್ಲಿದೆ, ಅಕ್ಕಾ ಸ್ವಲ್ಪ ಮಾಪ್ ಹಾಕಿ” ಎಂಬ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ! ಆ ಮಾಪ್ ಬಕೆಟ್ಟಿಗೆ ಇಳಿಯುತ್ತದೆ, ಅದೇ ನೀರು ಪಕ್ಕದ ಹೆರಿಗೆ ವಾರ್ಡಿನ ನೆಲಕ್ಕೂ ಹೋಗುತ್ತದೆ.

ಕ್ಯಾಬಿನೆಟ್ ಹೊರಗೆ 5 ಮಿಲಿಗಿಂತ ಹೆಚ್ಚು ಚೆಲ್ಲಿದರೆ ಅದನ್ನು ದೊಡ್ಡ ಸ್ಪಿಲ್ ಎಂದೇ ಎಣಿಸುತ್ತಾರೆ. ಇದು ಅದರ ಐವತ್ತು ಪಟ್ಟು.

ಮೊದಲು ಜನ, ಆಮೇಲೆ ನೆಲ. ರೋಗಿಯ ಕಾಲಿನ ಮೇಲೆ ಬಿದ್ದಿದ್ದರೆ ಒದ್ದೆ ಬಟ್ಟೆ ತೆಗೆಸಿ, ಚರ್ಮವನ್ನು ಸೋಪು ಮತ್ತು ಧಾರಾಳ ನೀರಿನಿಂದ ತೊಳೆಯಬೇಕು. ಬ್ರಷ್ಷಿನಿಂದ ಉಜ್ಜಬಾರದು, ಗೀರಿದ ಚರ್ಮದಿಂದ ಔಷಧ ಇನ್ನಷ್ಟು ಇಳಿಯುತ್ತದೆ. ಕಣ್ಣಿಗೆ ಸಿಡಿದಿದ್ದರೆ 15 ನಿಮಿಷ ಬಿಡದೆ ನೀರು ಹಾಯಿಸಿ ವೈದ್ಯರಿಗೆ ತೋರಿಸಬೇಕು. ಅಷ್ಟರಲ್ಲಿ ಇನ್ನೊಬ್ಬರು ಅಕ್ಕಪಕ್ಕದ ರೋಗಿಗಳನ್ನು ಸರಿಸಿ, ಫ್ಯಾನ್ ಆರಿಸಿ, ಜಾಗಕ್ಕೆ ಎಚ್ಚರಿಕೆ ಫಲಕ ಇಡಬೇಕು.

ಒರೆಸುವವರು ಒಬ್ಬರೇ ಇರಲಿ. ಎರಡು ಜೊತೆ ಗ್ಲೌಸ್, ಗೌನು, ಕನ್ನಡಕ, ಶೂ ಕವರು ಹಾಕಬೇಕು. ಮೂಗಿಗೆ ಸರಿಯಾಗಿ ಕೂರುವ ರೆಸ್ಪಿರೇಟರ್ ಬೇಕು. ಸರ್ಜಿಕಲ್ ಮಾಸ್ಕ್ ನಮ್ಮ ಉಗುಳು ರೋಗಿಗೆ ತಾಗದಂತೆ ತಡೆಯಲು ಇರುವುದು, ತುಂತುರನ್ನು ನಮ್ಮ ಮೂಗಿಗೆ ಬಾರದಂತೆ ತಡೆಯಲು ಅಲ್ಲ. ಇನ್ನೊಬ್ಬರು ಗೆರೆಯ ಹೊರಗೆ ನಿಂತು ಬೇಕಾದದ್ದನ್ನು ಕೊಡುತ್ತಿರಬೇಕು.

ಹೀರುವ ಪ್ಯಾಡನ್ನು ದ್ರವದ ಮೇಲೆ ಮೆಲ್ಲಗೆ ಹಾಸಬೇಕು. ಎಸೆದರೆ ಸಿಡಿಯುತ್ತದೆ. ಪುಡಿ ಚೆಲ್ಲಿದ್ದರೆ ಪ್ಯಾಡನ್ನು ಮೊದಲೇ ಒದ್ದೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಪುಡಿ ಗಾಳಿಗೆ ಏಳುತ್ತದೆ. ಗಾಜಿನ ಚೂರಿದ್ದರೆ ಸ್ಕೂಪಿನಿಂದ ಎತ್ತಿ ಗಟ್ಟಿ ಡಬ್ಬಿಗೆ ಹಾಕಬೇಕು. ಆಮೇಲೆ ಡಿಟರ್ಜೆಂಟ್ ನೀರಿನಿಂದ ಮೂರು ಸಲ ಒರೆಸಿ, ಕೊನೆಗೆ ಬರಿ ನೀರಿನಿಂದ ಒರೆಸಬೇಕು. ಪ್ರತಿ ಸಲವೂ ಹೊಸ ಬಟ್ಟೆ. ಅಂಚಿನಿಂದ ನಡುವಿಗೆ ಬರಬೇಕು. ನಡುವಿನಿಂದ ಹೊರಕ್ಕೆ ಎಳೆದರೆ ತಟ್ಟೆಯಗಲದ ಕಲೆ ಚಾಪೆಯಗಲ ಆಗುತ್ತದೆ.

ಇಲ್ಲಿ ಹಳೆಯ ಅಭ್ಯಾಸವೊಂದು ಅಡ್ಡ ಬರುತ್ತದೆ. ರಕ್ತ ಚೆಲ್ಲಿದಾಗ ಅದರ ಮೇಲೆ ಹೈಪೊಕ್ಲೋರೈಟ್ ಸುರಿದು ಕಾಯಬೇಕು ಎಂಬುದನ್ನು ಎಲ್ಲ ಆಸ್ಪತ್ರೆಗಳೂ ಕಲಿಸಿವೆ. ಅಲ್ಲಿ ಕೊಲ್ಲಬೇಕಾದದ್ದು ಜೀವಾಣು. ಕಿಮೊ ಔಷಧ ಜೀವಾಣುವಲ್ಲ, ರಾಸಾಯನಿಕ. ಹೈಪೊಕ್ಲೋರೈಟ್ ಸೈಕ್ಲೋಫಾಸ್ಫಮೈಡ್‌ನಂಥ ಕೆಲವನ್ನು ಒಡೆಯುತ್ತದೆ ನಿಜ, ಆದರೆ ಎಲ್ಲವನ್ನೂ ಒಡೆಯುವ ಒಂದೇ ದ್ರಾವಣ ಇಲ್ಲ. ಅರ್ಧ ಗ್ರಾಂ ಔಷಧದ ಕೊಳಕ್ಕೆ ಅದನ್ನು ಸುರಿದರೆ ಕೊಳ ದೊಡ್ಡದಾಗುತ್ತದೆ, ಅಷ್ಟೇ. ಬಳಸುವುದಾದರೆ ದ್ರವವನ್ನು ಹೀರಿ ತೆಗೆದ ಮೇಲೆ, ಉಳಿದ ಪಸೆಗೆ. ಸ್ಪಿರಿಟ್ ಅಂತೂ ಬೇಡವೇ ಬೇಡ. ಅದು ಔಷಧವನ್ನು ಒಡೆಯುವುದಿಲ್ಲ, ಕರಗಿಸಿ ಇನ್ನಷ್ಟು ಜಾಗಕ್ಕೆ ಸವರುತ್ತದೆ.

ತೆಗೆಯುವಾಗಲೂ ಕ್ರಮವಿದೆ. ಮೊದಲು ಹೊರಗಿನ ಗ್ಲೌಸ್, ಆಮೇಲೆ ಗೌನು, ಕನ್ನಡಕ, ರೆಸ್ಪಿರೇಟರ್, ಕಡೆಗೆ ಒಳಗಿನ ಗ್ಲೌಸ್. ಒಳಗಿನದನ್ನು ಮೊದಲೇ ತೆಗೆದರೆ ಗೌನಿನ ಮೇಲಿದ್ದದ್ದು ಬರಿಗೈಗೆ ಬರುತ್ತದೆ.

> ಡಬ್ಬಿ ಎಲ್ಲಿದೆ?
>
> ಸ್ಪಿಲ್ ಕಿಟ್‌ನಲ್ಲಿ ಮೇಲೆ ಹೇಳಿದ ಉಡುಪು, ಹೀರುವ ಪ್ಯಾಡು, ಸ್ಕೂಪು, ಡಿಟರ್ಜೆಂಟ್, ಗಟ್ಟಿ ಡಬ್ಬಿ, ಲೇಬಲ್ ಹಚ್ಚಿದ ಹಳದಿ ಚೀಲ, ಎಚ್ಚರಿಕೆ ಫಲಕ ಇರಬೇಕು.
>
> ಇದನ್ನು ಬೀಗ ಹಾಕಿದ ಬೀರುವಿನಲ್ಲಿ ಇಡುವ ವಾರ್ಡುಗಳಿವೆ. ಬೀಗದ ಕೈ ಇನ್‌ಚಾರ್ಜ್ ಸಿಸ್ಟರ್ ಬಳಿ, ಅವರು ಊಟಕ್ಕೆ ಹೋಗಿದ್ದಾರೆ. ಕಿಮೊ ಬೆರೆಸುವ, ಇಡುವ, ಹಾಕುವ ಪ್ರತಿ ಜಾಗದಲ್ಲೂ ಕಿಟ್ ಕೈಗೆಟುಕಬೇಕು.

## ಒಂದೇ ಟ್ಯೂಬು, ಎರಡು ಚೀಲ

ಚೆಲ್ಲಿದ್ದನ್ನು ಎತ್ತಿದ್ದಾಯಿತು. ಈಗ ಅದನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆ. ವರ್ಷಗಳ ರೂಢಿಯೇ ಇಲ್ಲಿ ದಾರಿ ತಪ್ಪಿಸುತ್ತದೆ.

ಡ್ರಿಪ್ ಸೆಟ್ ಕೆಂಪು ಚೀಲಕ್ಕೆ, ಗಾಜಿನ ವೈಯಲ್ ನೀಲಿ ಡಬ್ಬಿಗೆ ಎಂಬುದು ಪ್ರತಿಯೊಬ್ಬ ಸಿಬ್ಬಂದಿಗೂ ಕಣ್ಣುಮುಚ್ಚಿ ಗೊತ್ತು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುವುದೂ ಅದನ್ನೇ. ಆದರೆ ಅದೇ ನಿಯಮ ಕಿಮೊ ಔಷಧ ತಾಗಿದ ಎಲ್ಲವನ್ನೂ ಆ ಸಾಲಿನಿಂದ ಹೊರತೆಗೆದಿದೆ. ಸೆಟ್ಟಾಗಲಿ, ವೈಯಲ್ಲಾಗಲಿ, ಗ್ಲೌಸು, ಗೌನು, ಪ್ಯಾಡಾಗಲಿ, ಸೈಟೊಟಾಕ್ಸಿಕ್ ಗುರುತಿನ ಲೇಬಲ್ ಇರುವ ಹಳದಿ ಚೀಲಕ್ಕೆ ಅಥವಾ ಹಳದಿ ಡಬ್ಬಿಗೇ ಹೋಗಬೇಕು.

ಯಾಕೆಂದು ತಿಳಿಯಲು ಕೆಂಪು ಚೀಲದ ಹಾದಿ ಹಿಡಿದು ಹೋಗಬೇಕು. ಕೆಂಪು ಚೀಲದ ಪ್ಲಾಸ್ಟಿಕ್ಕನ್ನು ಆಟೊಕ್ಲೇವ್‌ನಲ್ಲಿ ಹಬೆಗೆ ಹಾಕಿ, ಚೂರು ಮಾಡಿ, ಮರುಬಳಕೆಯ ಪ್ಲಾಸ್ಟಿಕ್ ಉದ್ಯಮಕ್ಕೆ ಕಳಿಸುತ್ತಾರೆ. ಹಬೆ ಜೀವಾಣುವನ್ನು ಕೊಲ್ಲುತ್ತದೆ, ಔಷಧವನ್ನು ನಂಬಿಕೆಗೆ ಅರ್ಹವಾಗಿ ನಾಶ ಮಾಡುವುದಿಲ್ಲ. ಯಂತ್ರದ ಬಾಗಿಲು ತೆರೆಯುವವರು, ಚೂರು ಮಾಡುವವರು, ಆ ಚೂರನ್ನು ಕೊಂಡುಕೊಳ್ಳುವವರು ಯಾರಿಗೂ ಅದರಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ವಾರ್ಡಿನ ಒಬ್ಬರು ತಪ್ಪು ಚೀಲ ಆರಿಸಿದರೆ ತೊಂದರೆ ಊರಾಚೆಯ ಶೆಡ್ಡಿನವರೆಗೆ ಹೋಗುತ್ತದೆ.

ಹಳದಿಯೊಳಗೂ ಒಂದು ಭೇದವಿದೆ. ಸಾಮಾನ್ಯ ಹಳದಿ ಕಸವನ್ನು ಸುಡುವ ಕುಲುಮೆಯ ಎರಡನೆಯ ಕೋಣೆಯಲ್ಲಿ ನಿಯಮದಂತೆ ಸುಮಾರು 1050 ಡಿಗ್ರಿ ಸೆಲ್ಸಿಯಸ್ ಇರಬೇಕು. ಕಿಮೊ ಕಸಕ್ಕೆ 1200 ಡಿಗ್ರಿಗೂ ಮೇಲೆ ಬೇಕು. ಆದ್ದರಿಂದ ಅದನ್ನು ಬ್ಯಾಂಡೇಜಿನ ಚೀಲದೊಳಗೆ ಸೇರಿಸಿ ಕಟ್ಟಿದರೆ ಆಗಲಿಲ್ಲ. ಬೇರೆ ಚೀಲ ಬೇಕು, ಬೇರೆ ಲೇಬಲ್ ಬೇಕು, ಗಾಡಿಯವರಿಗೆ ಬಾಯಲ್ಲೂ ಹೇಳಿ ಕೊಡಬೇಕು. ಅವಧಿ ಮುಗಿದ ಔಷಧವನ್ನು ತಯಾರಕರಿಗೆ ಅಥವಾ ಸರಬರಾಜುದಾರರಿಗೆ ಹಿಂದಿರುಗಿಸುವ ದಾರಿಯನ್ನೂ ನಿಯಮ ಇಟ್ಟಿದೆ. ಉಳಿದ ಔಷಧವನ್ನು ಸಿಂಕಿಗೆ ಸುರಿಯುವುದು ಮಾತ್ರ ಎಂದಿಗೂ ದಾರಿಯಲ್ಲ.

ಡ್ರಿಪ್ ಮುಗಿದಾಗ ಬ್ಯಾಗಿನಿಂದ ಸೆಟ್ಟನ್ನು ಕೀಳಬಾರದು, ಎರಡನ್ನೂ ಜೋಡಿಸಿದಂತೆಯೇ ಹಾಕಬೇಕು. ಸೂಜಿಗೆ ಮತ್ತೆ ಕ್ಯಾಪ್ ಹಾಕಬಾರದು, ಕಟರಿನಲ್ಲಿ ಕತ್ತರಿಸಲೂ ಬಾರದು. ಕತ್ತರಿಸಿದ ಗಳಿಗೆಗೆ ಅದರೊಳಗಿನ ಹನಿ ಸಿಡಿಯುತ್ತದೆ. ಸಿರಿಂಜಿನ ಸಮೇತ ಗಟ್ಟಿ ಹಳದಿ ಡಬ್ಬಿಗೆ ಹಾಕಬೇಕು.

ಇನ್ನೊಂದು ಕಸಕ್ಕೆ ಚೀಲವೇ ಇಲ್ಲ. ಔಷಧ ರೋಗಿಯ ಮೂತ್ರ, ವಾಂತಿ, ಮಲದಲ್ಲಿ ಹೊರಬರುತ್ತದೆ. ಕಿಮೊ ಮುಗಿದು 48 ಗಂಟೆ ಬೆಡ್‌ಪ್ಯಾನ್ ಎತ್ತುವವರು, ಹಾಸಿಗೆ ಬಟ್ಟೆ ಬದಲಿಸುವವರು ಗ್ಲೌಸ್, ಗೌನು ಹಾಕಲೇಬೇಕು. ಡೇ ಕೇರ್ ಎಂದರೆ ಈ 48 ಗಂಟೆಯ ಬಹುಪಾಲು ಕಳೆಯುವುದು ರೋಗಿಯ ಮನೆಯಲ್ಲಿ. ಕೂತು ಮೂತ್ರ ಮಾಡಿ, ಮುಚ್ಚಳ ಮುಚ್ಚಿ, ಎರಡು ಸಲ ಫ್ಲಶ್ ಮಾಡಿ ಎಂದು ಹೇಳಿ ಕಳಿಸುತ್ತಾರೆ. ನಮ್ಮ ಹೆಚ್ಚಿನ ಮನೆಗಳ ಶೌಚಕ್ಕೆ ಮುಚ್ಚಳವೂ ಇಲ್ಲ, ಫ್ಲಶ್ಶೂ ಇಲ್ಲ. ಹಾಗಿದ್ದಲ್ಲಿ ನೀರನ್ನು ಸಿಡಿಯದಂತೆ ಮೆಲ್ಲಗೆ, ಧಾರಾಳವಾಗಿ ಹಾಕಬೇಕು ಎಂದು ಬಿಡಿಸಿ ಹೇಳಬೇಕು. ವಾಂತಿಯಾದ ಬಟ್ಟೆಯನ್ನು ಬೇರೆಯಾಗಿ, ಗ್ಲೌಸ್ ಹಾಕಿ ಒಗೆಯಬೇಕು. ಮನೆಯಲ್ಲಿ ಬಸುರಿ ಸೊಸೆ ಇದ್ದರೆ ಆ ಕೆಲಸ ಅವಳದ್ದಾಗಬಾರದು. ಈ ನಾಲ್ಕು ಮಾತು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಇರಬೇಕು.

## ಓಟಿಯ ಗಾಳಿ

ಅರಿವಳಿಕೆ ಅನಿಲದ ಕಥೆ ಬೇರೆ. ಪುರಾವೆಯ ತೂಕವೂ ಬೇರೆ. 1967ರಲ್ಲಿ ಸೋವಿಯತ್ ವೈದ್ಯ ವೈಸ್‌ಮನ್, ಅರಿವಳಿಕೆ ತಜ್ಞೆಯರ 31 ಗರ್ಭಗಳಲ್ಲಿ 18 ಗರ್ಭಪಾತವಾದವು ಎಂದು ಬರೆದಾಗ ಜಗತ್ತು ಬೆಚ್ಚಿತು. ಅಧ್ಯಯನ ಸಣ್ಣದು, ದೋಷಗಳಿದ್ದವು. ಆದರೆ ಆ ಪ್ರಶ್ನೆ ಉಳಿಯಿತು. ನೈಟ್ರಸ್ ಆಕ್ಸೈಡ್ ವಿಷಯದಲ್ಲಿ ಕಾರಣವೂ ಗೊತ್ತಾಗಿದೆ. ಅದು ದೇಹದ ಬಿ12 ಜೀವಸತ್ವವನ್ನು ನಿಷ್ಕ್ರಿಯಗೊಳಿಸುತ್ತದೆ, ಡಿಎನ್‌ಎ ಕಟ್ಟಲು ಬೇಕಾದ ಕಿಣ್ವವೊಂದು ಅದರಿಂದ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ದಂತ ಸಹಾಯಕಿಯರ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅನಿಲವನ್ನು ಎಳೆದು ಹೊರಹಾಕುವ ವ್ಯವಸ್ಥೆ ಇಲ್ಲದೆ ವಾರಕ್ಕೆ ಐದು ಗಂಟೆ ಅಥವಾ ಹೆಚ್ಚು ಅದರ ನಡುವೆ ಇದ್ದವರಿಗೆ ಗರ್ಭ ನಿಲ್ಲುವುದು ಗಣನೀಯವಾಗಿ ತಡವಾಗುತ್ತಿತ್ತು.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್ 1977ರಲ್ಲಿ ಮಿತಿ ಸೂಚಿಸಿತು: ನೈಟ್ರಸ್ ಆಕ್ಸೈಡ್ ಗಾಳಿಯ ಹತ್ತು ಲಕ್ಷ ಭಾಗಕ್ಕೆ 25, ಹಾಲೋಥೇನ್ ಜಾತಿಯ ಆವಿಗಳು 2. ಸೆವೊಫ್ಲುರೇನ್ ಬಳಕೆಗೆ ಬರುವ ಮೊದಲೇ ಹಾಕಿದ ಗೆರೆ ಇದು. ಬ್ರಿಟನ್ನಿನ ಮಿತಿಗಳು ಇನ್ನೂ ಸಡಿಲ. ಒಂದು ಸಂಗತಿಯನ್ನು ಮಾತ್ರ ಇಟ್ಟುಕೊಳ್ಳಬಹುದು. ಆವಿಯ ಸಿಹಿ ವಾಸನೆ ಮೂಗಿಗೆ ಗೊತ್ತಾಯಿತು ಎಂದರೆ ನಿಯೋಷ್ ಗೆರೆ ದಾಟಿ ಬಹಳ ಹೊತ್ತಾಗಿದೆ. ನೈಟ್ರಸ್ ಅಂತೂ ಸುಳಿವೇ ಕೊಡುವುದಿಲ್ಲ.

ಒಂದು ಲೆಕ್ಕ ಹಾಕೋಣ. ಆರು ಮೀಟರ್ ಉದ್ದಗಲ, ಮೂರು ಮೀಟರ್ ಎತ್ತರದ ಓಟಿ. ಒಳಗಿರುವ ಗಾಳಿ 1,08,000 ಲೀಟರ್. ವೇಪರೈಸರ್ ತುಂಬುವಾಗ ಕೈ ಜಾರಿ 25 ಮಿಲಿ ಸೆವೊಫ್ಲುರೇನ್ ಚೆಲ್ಲಿತು. ಒಂದು ಮಿಲಿ ದ್ರವ ಆರಿದರೆ ಸುಮಾರು 180 ಮಿಲಿ ಆವಿಯಾಗುತ್ತದೆ, ಅಂದರೆ ಒಟ್ಟು ನಾಲ್ಕೂವರೆ ಲೀಟರ್. ಕೋಣೆಯ ತುಂಬ ಸಮನಾಗಿ ಹರಡಿದರೆ ಹತ್ತು ಲಕ್ಷಕ್ಕೆ ಸುಮಾರು 42 ಭಾಗ. ಸೂಚಿಸಿದ ಮಿತಿಯ ಇಪ್ಪತ್ತು ಪಟ್ಟಿಗೂ ಹೆಚ್ಚು. 250 ಮಿಲಿಯ ಇಡೀ ಬಾಟಲಿ ಒಡೆದರೆ 420.

ಇದು ಹೊರಗೆ ಹೋಗಲು ಎಷ್ಟು ಹೊತ್ತು? ಎನ್‌ಎಬಿಎಚ್ ಮಾರ್ಗಸೂಚಿಯಂತೆ ಓಟಿಯಲ್ಲಿ ಗಂಟೆಗೆ ಕನಿಷ್ಠ 20 ಸಲ ಗಾಳಿ ಬದಲಾಗಬೇಕು. ಹಾಗೆ ನೋಡಿದರೆ 25 ಮಿಲಿಯ ಆವಿ ಒಂಬತ್ತು ನಿಮಿಷದಲ್ಲಿ ಮಿತಿಯೊಳಗೆ ಬರಬೇಕು. ಆದರೆ ಆ 20ರಲ್ಲಿ ಹೊರಗಿನ ತಾಜಾ ಗಾಳಿ ಕನಿಷ್ಠ ನಾಲ್ಕು ಸಲ ಇದ್ದರೆ ಸಾಕು, ಉಳಿದದ್ದು ಫಿಲ್ಟರ್ ದಾಟಿ ಮರಳಿ ಬರುವ ಅದೇ ಗಾಳಿ. ಹೆಪಾ ಫಿಲ್ಟರ್ ಧೂಳನ್ನೂ ಜೀವಾಣುವನ್ನೂ ಹಿಡಿಯುತ್ತದೆ, ಅನಿಲವನ್ನು ಹಿಡಿಯುವುದಿಲ್ಲ. ಆಗ ಒಂಬತ್ತು ನಿಮಿಷ ಮುಕ್ಕಾಲು ಗಂಟೆಯಾಗುತ್ತದೆ. ಗೋಡೆಗೆ ಸ್ಪ್ಲಿಟ್ ಎಸಿ ಹಾಕಿ ಬಾಗಿಲು ಮುಚ್ಚಿದ ಸಣ್ಣ ನರ್ಸಿಂಗ್ ಹೋಮಿನಲ್ಲಿ ತಾಜಾ ಗಾಳಿ ಬರುವುದೇ ಇಲ್ಲ, ಅಲ್ಲಿ ಈ ಲೆಕ್ಕ ಮುಗಿಯುವುದೇ ಇಲ್ಲ.

ಕೆಲವು ಹನಿ ಚೆಲ್ಲಿದರೆ ಅದು ಒರೆಸುವ ಮೊದಲೇ ಆರಿಹೋಗುತ್ತದೆ. ಬಾಟಲಿ ಒಡೆದರೆ ಜನರನ್ನು ಹೊರಗೆ ಕಳಿಸಿ, ತಾಜಾ ಗಾಳಿ ಹೆಚ್ಚಿಸಿ, ದ್ರವವನ್ನು ಹೀರಿಸಿ, ಆ ಬಟ್ಟೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಹೊರಗೆ ಒಯ್ಯಬೇಕು. ಒದ್ದೆ ಬಟ್ಟೆಯನ್ನು ಓಟಿಯ ಬಕೆಟ್ಟಿನಲ್ಲೇ ಬಿಟ್ಟರೆ ಅದು ಅಲ್ಲೇ ಕೂತು ಆವಿ ಬಿಡುತ್ತದೆ. ಒಳಗೆ ಹೋಗುವವರಿಗೆ ಎನ್95 ಸಾಲದು. ಅದು ಕಣವನ್ನು ತಡೆಯುತ್ತದೆ, ಆವಿಯನ್ನಲ್ಲ. ಆವಿ ಹೀರುವ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ಬೇಕು. ಉಳಿದ ದ್ರವ ಸಿಂಕಿಗೆ ಹೋಗಬಾರದು, ತ್ಯಜಿಸಿದ ಔಷಧವಾಗಿ ಹಳದಿ ವರ್ಗಕ್ಕೆ ಹೋಗಬೇಕು.

## ಪ್ರತಿದಿನದ ಸೋರಿಕೆ

ಬಾಟಲಿ ಒಡೆಯುವುದು ಅಪರೂಪ. ಓಟಿ ಸಿಬ್ಬಂದಿಗೆ ಅನಿಲ ತಾಗುವುದು ದಿನದಿನದ ಸಣ್ಣ ಸೋರಿಕೆಯಿಂದ. ಅದರಲ್ಲೂ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ. ಎರಡು ವರ್ಷದ ಮಗು ಅಳುತ್ತಾ ತಲೆ ಕೊಡವುತ್ತದೆ, ಮಾಸ್ಕ್ ಮುಖಕ್ಕೆ ಕೂರುವುದಿಲ್ಲ, ಸೆವೊಫ್ಲುರೇನ್ ಪೂರ್ತಿ ತೆರೆದಿದೆ. ಬಳಸುವ ಜಾಕ್ಸನ್ ರೀಸ್ ಸರ್ಕಿಟ್ಟಿನ ಬ್ಯಾಗಿಗೆ ಬಾಲದಲ್ಲಿ ತೆರೆದ ಬಾಯಿ ಇದೆ. ಅರಿವಳಿಕೆ ವೈದ್ಯರು ಅದನ್ನು ಬೆರಳಿನಲ್ಲಿ ಹಿಡಿದು ಬಿಡುತ್ತಾರೆ. ಆ ಬಾಯಿಂದ ಬರುವ ಗಾಳಿ ನೇರ ಅವರ ಎದೆ, ಮುಖದ ಕಡೆಗೇ ಬರುತ್ತದೆ.

ದೊಡ್ಡವರ ಯಂತ್ರದಲ್ಲಿ ಹೆಚ್ಚಾದ ಅನಿಲ ಹೊರಬರುವ ಕವಾಟಕ್ಕೆ ಸ್ಕ್ಯಾವೆಂಜಿಂಗ್ ಕೊಳವೆ ಜೋಡಿಸಿ ಅದನ್ನು ಕಟ್ಟಡದ ಆಚೆಗೆ ಒಯ್ಯುತ್ತಾರೆ. ಈ ಕೊಳವೆಯ ಜೋಡಣೆ 30 ಮಿಲಿಮೀಟರ್ ಅಳತೆಯದು, ರೋಗಿಯ ಉಸಿರಿನ ಕೊಳವೆ 22. ಒಂದನ್ನು ಇನ್ನೊಂದಕ್ಕೆ ತಪ್ಪಿ ಹಾಕಬಾರದೆಂದೇ ಬೇರೆ ಅಳತೆ. ಕೆಲವೆಡೆ ಕೊಳವೆಯನ್ನು ನೇರವಾಗಿ ಗೋಡೆಯ ಸಕ್ಷನ್‌ಗೆ ಸಿಕ್ಕಿಸುವುದುಂಟು. ಇದು ರೋಗಿಗೆ ಅಪಾಯ. ಸಕ್ಷನ್ ಉಸಿರಿನ ಅನಿಲವನ್ನೇ ಎಳೆದುಕೊಳ್ಳುತ್ತದೆ, ಬ್ಯಾಗು ಕುಸಿದು ಬೀಳುತ್ತದೆ. ಕೊಳವೆ ಮಡಚಿದರೆ ಅಥವಾ ಟ್ರಾಲಿಯ ಚಕ್ರ ಅದರ ಮೇಲೆ ನಿಂತರೆ ಉಲ್ಟಾ, ಬ್ಯಾಗು ಉಬ್ಬುತ್ತದೆ, ಒತ್ತಡ ರೋಗಿಯ ಶ್ವಾಸಕೋಶಕ್ಕೆ ಹೋಗುತ್ತದೆ. ನಡುವೆ ಒತ್ತಡ ಸರಿದೂಗಿಸುವ ಇಂಟರ್‌ಫೇಸ್ ಇರಲೇಬೇಕು. ಹೊರಗಿನ ತುದಿ ಎಲ್ಲಿದೆ ಎಂದು ಒಮ್ಮೆ ಟೆರೇಸಿಗೆ ಹತ್ತಿ ನೋಡಬೇಕು. ಅದು ಎಸಿಯ ಗಾಳಿ ಎಳೆಯುವ ಬಾಯಿಯ ಪಕ್ಕದಲ್ಲೇ ಇದ್ದರೆ, ಹೊರಹಾಕಿದ್ದು ಮತ್ತೆ ಒಳಗೆ ಬರುತ್ತದೆ.

ಇದ್ದಿಲು ತುಂಬಿದ ಡಬ್ಬಿ ಕೊಳವೆಗೆ ಸಿಕ್ಕಿಸುವುದು ಇನ್ನೊಂದು ಉಪಾಯ. ಅದು ಸೆವೊಫ್ಲುರೇನ್, ಐಸೊಫ್ಲುರೇನ್ ಹೀರುತ್ತದೆ, ನೈಟ್ರಸ್ ಆಕ್ಸೈಡನ್ನು ಹೀರುವುದಿಲ್ಲ. ತುಂಬಿತೆಂದು ತೂಕ ಮಾಡಿಯೇ ತಿಳಿಯಬೇಕು.

ಉಳಿದದ್ದು ಕೆಲಸದ ಕ್ರಮ. ಮಾಸ್ಕ್ ಮುಖಕ್ಕೆ ಕೂರುವ ಮೊದಲು ಆವಿ ತೆರೆಯಬಾರದು. ಟ್ಯೂಬು ಹಾಕಲು ಮಾಸ್ಕ್ ಎತ್ತುವಾಗ ಅನಿಲದ ಹರಿವು ನಿಲ್ಲಿಸಬೇಕು. ಕೊನೆಯಲ್ಲಿ ಟ್ಯೂಬು ತೆಗೆಯುವ ಮೊದಲು ಕೆಲವು ನಿಮಿಷ ಬರಿ ಆಕ್ಸಿಜನ್ ಕೊಟ್ಟು, ರೋಗಿ ಹೊರಬಿಡುವ ಆವಿಯನ್ನು ಸ್ಕ್ಯಾವೆಂಜಿಂಗ್ ಕೊಳವೆಗೇ ಕಳಿಸಬೇಕು. ವೇಪರೈಸರ್ ತುಂಬುವುದನ್ನು ದಿನದ ಲಿಸ್ಟ್ ಮುಗಿದು ಓಟಿ ಖಾಲಿಯಾದ ಮೇಲೆ ಇಟ್ಟುಕೊಂಡರೆ ಒಳ್ಳೆಯದು. ರಿಕವರಿ ಕೋಣೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ನಾಲ್ಕು ರೋಗಿಗಳು ಒಟ್ಟಿಗೆ ಆವಿ ಬಿಡುತ್ತಿರುತ್ತಾರೆ, ಕೊಳವೆ ಯಾವುದೂ ಇರುವುದಿಲ್ಲ, ಅವರ ಮುಖದ ಬಳಿ ಬಗ್ಗಿ ಉಸಿರು ನೋಡುವುದು ಸಿಸ್ಟರ್. ಆ ಕೋಣೆಗೆ ತಾಜಾ ಗಾಳಿ ಓಟಿಯಷ್ಟೇ ಬೇಕು.

> ಬಸುರಿ ಎಂದು ಗೊತ್ತಾಗುವ ಮೊದಲೇ
>
> ಫಿನ್ಲೆಂಡಿನ ಅಧ್ಯಯನ ಎತ್ತಿ ತೋರಿಸಿದ್ದು ಗರ್ಭದ ಮೊದಲ ಮೂರು ತಿಂಗಳನ್ನು. ಹೆಚ್ಚಿನವರು ಇನ್‌ಚಾರ್ಜ್‌ಗೆ ಹೇಳುವುದು ಆ ಅವಧಿ ಮುಗಿಯುತ್ತಾ ಬಂದಾಗ. ಆದ್ದರಿಂದ ಮಗುವಿಗಾಗಿ ಯೋಚಿಸುತ್ತಿರುವ ಸಿಬ್ಬಂದಿ ಕೇಳಿದರೆ, ಕಾರಣ ಕೆದಕದೆ ಕಿಮೊ ಬೆರೆಸುವ ಕೆಲಸದಿಂದ ಬಿಡುಗಡೆ ಕೊಡಬೇಕು. ಹಾಲುಣಿಸುವವರಿಗೂ ಇದೇ ಅನ್ವಯ.

ಚೆಲ್ಲಿದ ದಿನವೇ ರಿಜಿಸ್ಟರಿನಲ್ಲಿ ಬರೆಯಬೇಕಾದದ್ದು ಹೆಚ್ಚೇನಲ್ಲ: ಯಾವ ಔಷಧ, ಎಷ್ಟು, ಎಲ್ಲಿ, ಯಾರಿಗೆ ತಾಗಿತು, ಯಾರು ಒರೆಸಿದರು. ಕೊನೆಯ ಅಂಕಣದಲ್ಲಿ ಬಹಳ ಕಡೆ ‘ಹೌಸ್‌ಕೀಪಿಂಗ್’ ಎಂದಷ್ಟೇ ಬರೆದಿರುತ್ತಾರೆ. ಆ ಅಕ್ಕ ಗುತ್ತಿಗೆ ಏಜೆನ್ಸಿಯವರು, ಟೆಂಡರ್ ಬದಲಾದರೆ ಮುಂದಿನ ವರ್ಷ ಬೇರೆ ಆಸ್ಪತ್ರೆಯಲ್ಲಿ ಇರುತ್ತಾರೆ. ಅವರ ಹೆಸರು ಅಲ್ಲಿ ಇಲ್ಲದಿದ್ದರೆ ಅವರ ರಕ್ತಪರೀಕ್ಷೆ ಯಾರೂ ಮಾಡಿಸುವುದಿಲ್ಲ, ಮುಂದೆ ಏನಾದರೂ ಆದರೆ ಆಸ್ಪತ್ರೆಗೂ ಅವರಿಗೂ ನಡುವೆ ಒಂದು ಕಾಗದವೂ ಉಳಿದಿರುವುದಿಲ್ಲ. ಅಂಕಣದಲ್ಲಿ ಅವರ ಪೂರ್ತಿ ಹೆಸರು, ಏಜೆನ್ಸಿಯ ಹೆಸರು, ತರಬೇತಿ ಕೊಟ್ಟ ದಿನಾಂಕ ಮೂರೂ ಇರಬೇಕು. ಮೂರನೆಯದು ಖಾಲಿಯಿದ್ದರೆ ಆ ಮಾಪ್ ಅವರ ಕೈಗೆ ಹೋಗಬಾರದಿತ್ತು.